ಆರ್ಡರ್ ಬೇಡ ಅನ್ನುವ ಮುಂಚೆ ಮಾಡಬೇಕಾದ ಲೆಕ್ಕ: ಹುಬ್ಬಳ್ಳಿ ರೈಡರ್ ಒಬ್ಬನ ಮಾರ್ಗದರ್ಶಿ

ಶುಕ್ರವಾರ ರಾತ್ರಿ ಒಂಬತ್ತೂವರೆ. ವಿದ್ಯಾನಗರದಲ್ಲಿ ಬಿವಿಬಿ ಕಾಲೇಜಿನ ಹತ್ತಿರ ನಾವು ಆರೇಳು ಜನ ಫುಡ್ ಡೆಲಿವರಿ ರೈಡರ್‌ಗಳು ಬೈಕಿಗೆ ಒರಗಿ ನಿಂತಿದ್ದೆವು. ನನ್ನ ಫೋನ್ ಬಡಕೊಂಡಿತು. ಪಿಕಪ್‌ಗೆ 1.2 ಕಿಲೋಮೀಟರ್, ಅಲ್ಲಿಂದ ಡ್ರಾಪ್ ನವನಗರದ ಒಳಗೆ 6.5 ಕಿಲೋಮೀಟರ್, ಸಿಗುವುದು 52 ರೂಪಾಯಿ.

ಪಕ್ಕದಲ್ಲಿದ್ದ ಹುಡುಗ ಇಣುಕಿ ನೋಡಿದ. "ಅಣ್ಣಾ, ಇದನ್ನ ಬಿಡ್ರಿ. ಈ ಹೊತ್ತಿನ್ಯಾಗ ನವನಗರಕ್ಕ ಹೋದ್ರ ಖಾಲಿ ತಿರುಗಿ ಬರಬೇಕಾಗ್ತದ."

ಅವನ ಪಕ್ಕದವನು ಬೇರೆಯೇ ಹೇಳಿದ. "ಬಿಟ್ರ ತಾಸುಗಟ್ಲೆ ಆರ್ಡರ್ ಬರಂಗಿಲ್ಲ ನೋಡ್ರಿ. ಆ್ಯಪ್ ಸಿಟ್ಟು ಹಿಡಿತದ."

ಇಬ್ಬರ ಮಾತಿನಲ್ಲೂ ಅರ್ಧ ನಿಜ ಇದೆ. ಉಳಿದ ಅರ್ಧ ಗೊತ್ತಿಲ್ಲದೆ ನಾನು ಮೊದಲ ವರ್ಷ ಸಾಕಷ್ಟು ದುಡ್ಡು ಕಳೆದುಕೊಂಡೆ. ಕೆಲವು ಸಲ ರಿಜೆಕ್ಟ್ ಮಾಡಿ, ಅದಕ್ಕಿಂತ ಜಾಸ್ತಿ ಸಲ ಹೆದರಿ ಒಪ್ಪಿಕೊಂಡು. ಆ ರಾತ್ರಿಯ 52 ರೂಪಾಯಿಯ ಆರ್ಡರನ್ನೇ ಹಿಡಿದುಕೊಂಡು ಇಡೀ ಲೆಕ್ಕ ಹೇಳುತ್ತೇನೆ. ಇಲ್ಲಿ ಬರುವ ಇನ್ಸೆಂಟಿವ್ ಅಂಕಿಗಳು ನನ್ನ ಉದಾಹರಣೆಗೆ ಸೇರಿದವು. ನಿಮ್ಮ ಆ್ಯಪ್‌ನ ಅಂಕಿ ಬೇರೆ ಇರುತ್ತದೆ, ಅದನ್ನು ಹಾಕಿಕೊಂಡು ನೋಡಿ. ಲೆಕ್ಕದ ದಾರಿ ಮಾತ್ರ ಒಂದೇ.

ಮೊದಲು, ಯಾವ ಥರದ 'ಬೇಡ' ಅಂತ ತಿಳಿದುಕೊಳ್ಳಿ

ನಾವು ಮಾತಿಗೆ ಎಲ್ಲದಕ್ಕೂ "ಬಿಟ್ಟೆ" ಅನ್ನುತ್ತೇವೆ. ಆ್ಯಪ್ ಅದನ್ನು ನಾಲ್ಕು ಥರ ನೋಡುತ್ತದೆ.

ರಿಜೆಕ್ಟ್ ಬಟನ್ ಒತ್ತುವುದು ಒಂದು. ಬಂದ ಆರ್ಡರ್‌ಗಳಲ್ಲಿ ಎಷ್ಟು ಒಪ್ಪಿದಿರಿ ಅನ್ನುವ ಸ್ವೀಕಾರ ದರವನ್ನು ಇದು ನೇರವಾಗಿ ಇಳಿಸುತ್ತದೆ, ಆದರೆ ಆರ್ಡರ್ ತಕ್ಷಣ ಇನ್ನೊಬ್ಬನಿಗೆ ಹೋಗುತ್ತದೆ. ಯಾರಿಗೂ ದೊಡ್ಡ ನಷ್ಟ ಇಲ್ಲ.

ಎರಡನೆಯದು ಸುಮ್ನೆ ಬಿಡುವುದು. ಫೋನ್ ಬಡಕೊಂಡು ತಾನೇ ನಿಲ್ಲಲಿ ಅಂತ ಬಿಟ್ಟರೆ ರಿಜೆಕ್ಟ್ ಆಗಲಿಲ್ಲ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಹೆಚ್ಚಿನ ಆ್ಯಪ್‌ಗಳಲ್ಲಿ ಇದೂ ರಿಜೆಕ್ಟ್ ಲೆಕ್ಕಕ್ಕೇ ಸೇರುತ್ತದೆ. ಮೇಲಾಗಿ ಸಾಲಾಗಿ ಎರಡು ಮೂರು ಹೀಗೆ ತಪ್ಪಿದರೆ, ಈ ಮನುಷ್ಯ ಫೋನ್ ಹತ್ತಿರ ಇಲ್ಲ ಅಂತ ತಿಳಿದು ಆ್ಯಪ್ ನಿಮ್ಮನ್ನು ಆಫ್‌ಲೈನ್ ಮಾಡಿಬಿಡಬಹುದು. ಆನ್‌ಲೈನ್ ಇದ್ದ ಹೊತ್ತಿನ ಲೆಕ್ಕ, ಅಂದರೆ ನಿಮ್ಮ ಲಾಗಿನ್ ತಾಸು, ಅಲ್ಲಿಗೆ ನಿಲ್ಲುತ್ತದೆ. ಬೇಡ ಅನ್ನುವುದಾದರೆ ಬಟನ್ ಒತ್ತಿಯೇ ಬೇಡ ಅನ್ನಿ.

ಮೂರನೆಯದು ಒಪ್ಪಿಕೊಂಡ ಮೇಲೆ ಕ್ಯಾನ್ಸಲ್ ಮಾಡುವುದು. ಇದು ಬೇರೆಯೇ ಜಾತಿ. ಒಪ್ಪಿದ ಆರ್ಡರ್‌ಗಳಲ್ಲಿ ಎಷ್ಟು ಮುಗಿಸಿದಿರಿ ಅನ್ನುವ ಲೆಕ್ಕ ಬೇರೆ ಇರುತ್ತದೆ, ಏಟು ಅದಕ್ಕೆ ಬೀಳುತ್ತದೆ. ಹೋಟೆಲ್‌ನವರು ಅಡುಗೆ ಶುರು ಮಾಡಿರುತ್ತಾರೆ, ಗಿರಾಕಿಗೆ ನಿಮ್ಮ ಹೆಸರು ಕಾಣಿಸಿರುತ್ತದೆ. ಐಡಿ ಬ್ಲಾಕ್ ಆಗುವ ಮಾತು ಬರುವುದು ಹೆಚ್ಚಾಗಿ ಇಂಥದ್ದರಿಂದಲೇ. ಹತ್ತು ರಿಜೆಕ್ಟ್ ಬೇಕಾದರೂ ಆಗಲಿ, ಒಂದು ಕ್ಯಾನ್ಸಲ್ ಬೇಡ ಅನ್ನುವುದು ನನ್ನ ಅಭಿಪ್ರಾಯ.

ನಾಲ್ಕನೆಯದು ಆರ್ಡರ್ ಬರುವ ಮುಂಚೆಯೇ ಆಫ್‌ಲೈನ್ ಆಗುವುದು. ಇದು ಸ್ವೀಕಾರ ದರಕ್ಕೆ ತಾಗುವುದಿಲ್ಲ. ಲಾಗಿನ್ ತಾಸಿನಲ್ಲಿ ಕಡಿತ ಆಗುತ್ತದೆ, ಕೆಲಸದ ಹೊತ್ತನ್ನು ಸ್ಲಾಟ್ ಅಂತ ಮುಂಚೆಯೇ ಬುಕ್ ಮಾಡಿದ್ದರೆ ಅದಕ್ಕೂ ತಾಗಬಹುದು. ಚಹಾ ಕುಡಿಯುವಾಗ, ಪೆಟ್ರೋಲ್ ಹಾಕಿಸುವಾಗ, ಮನೆಯಿಂದ ಫೋನ್ ಬಂದಾಗ ಆನ್‌ಲೈನ್ ಇದ್ದು ರಿಜೆಕ್ಟ್ ಮಾಡುವುದಕ್ಕಿಂತ ಐದು ನಿಮಿಷ ಆಫ್ ಆಗುವುದು ಅಗ್ಗ.

ನಿಮ್ಮ ಆ್ಯಪ್‌ನಲ್ಲಿ ಮೂರು ವಿಷಯ ಹುಡುಕಿ

ಸ್ವೀಕಾರ ದರದ ಲೆಕ್ಕ ಸರಳ:

```
ಸ್ವೀಕಾರ ದರ = ಒಪ್ಪಿದ ಆರ್ಡರ್ ÷ ಬಂದ ಆರ್ಡರ್ × 100
```

ತೊಂದರೆ ಇರುವುದು ಲೆಕ್ಕದಲ್ಲಿ ಅಲ್ಲ, ಅದರ ಸುತ್ತ ಇರುವ ನಿಯಮದಲ್ಲಿ. ಇನ್ಸೆಂಟಿವ್ ಪುಟ ತೆರೆದು ಕೆಳಗಿನ ಸಣ್ಣ ಅಕ್ಷರದ ಷರತ್ತುಗಳನ್ನು ಒಂದು ಸಲ ಪೂರ್ತಿ ಓದಿ. ಅಲ್ಲಿ ಸಿಗದಿದ್ದರೆ ಸಪೋರ್ಟ್ ಚಾಟ್‌ನಲ್ಲಿ ಕೇಳಿ, ಉತ್ತರದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಒಂದು, ಇನ್ಸೆಂಟಿವ್ ಸಿಗಲು ದರದ ಗಡಿ ಎಷ್ಟು? 80, 90, 95 ಹೀಗೆ ಏನೋ ಇರುತ್ತದೆ. ಕೆಲವು ಕಡೆ ಶೇಕಡಾ ಬದಲು "ದಿನಕ್ಕೆ ಇಷ್ಟು ರಿಜೆಕ್ಟ್ ಮಾತ್ರ" ಅಂತ ಇರುತ್ತದೆ. ಎರಡು, ಲೆಕ್ಕ ಯಾವಾಗಿನಿಂದ ಯಾವಾಗಿನವರೆಗೆ? ಇವತ್ತಿನ ದಿನವೋ, ಸೋಮವಾರದಿಂದ ಭಾನುವಾರವೋ, ಅಥವಾ ಕೊನೆಯ 100 ಆರ್ಡರ್‌ಗಳೋ? ಮೂರು, ಯಾವ ಹೊತ್ತಿನ ರಿಜೆಕ್ಟ್ ಲೆಕ್ಕಕ್ಕೆ ಬರುತ್ತದೆ? ಬರೀ ಪೀಕ್ ಅವರ್‌ನಲ್ಲಿ ಮಾತ್ರ ಎಣಿಸುವ ನಿಯಮ ಇದ್ದರೆ ಮಧ್ಯಾಹ್ನ ನಾಲ್ಕು ಗಂಟೆಗೆ ಬಿಟ್ಟ ಆರ್ಡರ್‌ಗೆ ನೀವು ಸುಮ್ನೆ ಚಿಂತೆ ಮಾಡುತ್ತಿರುತ್ತೀರಿ.

ಈ ಮೂರರಲ್ಲಿ ಎರಡನೆಯದನ್ನು ಯಾರೂ ಕೇಳುವುದಿಲ್ಲ. ಲೆಕ್ಕ ಪೂರ್ತಿ ಬದಲಾಗುವುದು ಅದರಿಂದಲೇ.

ಒಂದು ಬೇಡಕ್ಕೆ ಎಷ್ಟು ಹೂಂ

ದಿನದ ಲೆಕ್ಕ ಇರುವ ಆ್ಯಪ್ ತಗೊಳ್ಳೋಣ, ಗಡಿ 90. ಬೆಳಿಗ್ಗೆಯಿಂದ 12 ಆರ್ಡರ್ ಬಂದವು, ಒಂದು ಬಿಟ್ಟಿರಿ. 11 ಭಾಗ 12, ಅಂದರೆ 91.7. ಇನ್ನೂ ಗಡಿಯ ಮೇಲೇ ಇದ್ದೀರಿ. ಎರಡು ಬಿಟ್ಟಿದ್ದರೆ 10 ಭಾಗ 12, ಅಂದರೆ 83.3. ಒಂದೇ ಒಂದು ಜಾಸ್ತಿ ಬಿಟ್ಟಿದ್ದಕ್ಕೆ ಎಂಟೂ ಚಿಲ್ಲರೆ ಅಂಶ ಬಿತ್ತು.

ಈಗ ಅದನ್ನು ಮತ್ತೆ 90ಕ್ಕೆ ತರಬೇಕು ಅಂದರೆ? ಎರಡು ರಿಜೆಕ್ಟ್ ಇದ್ದೂ 90 ಆಗಬೇಕಾದರೆ ಒಟ್ಟು 20 ಬಂದು 18 ಒಪ್ಪಿರಬೇಕು. ಅಂದರೆ 90ರ ಗಡಿಯಲ್ಲಿ ಒಂದು ಬೇಡಕ್ಕೆ ಒಂಬತ್ತು ಹೂಂ. ಗಡಿ 80 ಇದ್ದರೆ ನಾಲ್ಕು ಹೂಂ ಸಾಕು. 95 ಇದ್ದರೆ ಹತ್ತೊಂಬತ್ತು ಬೇಕು, ಅಂದರೆ ದಿನಕ್ಕೆ ಹದಿನೈದು ಆರ್ಡರ್ ಮಾಡುವವನಿಗೆ ಒಂದೇ ಒಂದು ರಿಜೆಕ್ಟೂ ದಕ್ಕುವುದಿಲ್ಲ.

ಬೆಂಗಳೂರಿನ ರೈಡರ್‌ಗಳ ವಿಡಿಯೋ ನೋಡಿ ಅವರ ಹಾಗೆ ಆರಿಸಿ ಆರಿಸಿ ಒಪ್ಪುತ್ತೇನೆ ಅಂತ ಹೋಗುವ ಹುಡುಗರು ಇಲ್ಲೇ ಸಿಕ್ಕಿಬೀಳುತ್ತಾರೆ. ದಿನಕ್ಕೆ 25-30 ಆರ್ಡರ್ ಬರುವ ಝೋನ್‌ನಲ್ಲಿ ಎರಡು ಬಿಟ್ಟರೂ ಅದು ಮುಚ್ಚಿಹೋಗುತ್ತದೆ. ಗದಗಿನಲ್ಲೋ ಹಾವೇರಿಯಲ್ಲೋ ದಿನಕ್ಕೆ ಹತ್ತು ಬಂದರೆ ಹೆಚ್ಚು ಅನ್ನುವ ಕಡೆ ಎರಡು ಬಿಟ್ಟರೆ ಆ ದಿನ ಮುಗಿಯಿತು. ಆರ್ಡರ್ ಕಡಿಮೆ ಇರುವ ಊರಲ್ಲಿ ಒಂದೊಂದು ರಿಜೆಕ್ಟೂ ದುಬಾರಿ.

ಕೊನೆಯ 100 ಆರ್ಡರ್ ಲೆಕ್ಕಕ್ಕೆ ತಗೊಳ್ಳುವ ಆ್ಯಪ್ ಆದರೆ ಕಥೆ ಬೇರೆ. ಅಲ್ಲಿ ಒಂದು ರಿಜೆಕ್ಟ್ ಅಂದರೆ ಒಂದೇ ಅಂಶ ಇಳಿಯುತ್ತದೆ. ಕೇಳಲು ಹಗುರ. ಆದರೆ ಅದು ಹೊರಗೆ ಹೋಗಬೇಕಾದರೆ ಅದರ ಮೇಲೆ ಇನ್ನೂ ನೂರು ಆರ್ಡರ್ ಬರಬೇಕು. ದಿನಕ್ಕೆ ಹದಿನೈದರಂತೆ ಸುಮಾರು ಒಂದು ವಾರ.

ಇಲ್ಲೇ ನನ್ನನ್ನು ಬಹಳ ದಿನ ತಲೆ ಕೆಡಿಸಿದ್ದು ಒಂದಿದೆ. ಒಂದು ದಿನ ಪೂರ್ತಿ, ಬಂದದ್ದನ್ನೆಲ್ಲ ಒಪ್ಪಿದೆ. ಸಂಜೆ ನೋಡಿದರೆ ದರ 88, ಬೆಳಿಗ್ಗೆಯೂ 88. ಆ್ಯಪ್ ಮೋಸ ಮಾಡ್ತಿದೆ ಅಂತ ರೇಗಿದೆ. ಮೋಸ ಏನೂ ಇರಲಿಲ್ಲ. ಹೊಸದೊಂದು ಆರ್ಡರ್ ಒಳಗೆ ಬಂದಾಗ ನೂರರ ಆಚೆ ತುದಿಯಿಂದ ಹಳೆಯದೊಂದು ಹೊರಗೆ ಬೀಳುತ್ತದೆ. ಬಿದ್ದದ್ದೂ ನೀವು ಒಪ್ಪಿದ್ದೇ ಆಗಿದ್ದರೆ ಒಂದು ಹೂಂ ಹೋಗಿ ಇನ್ನೊಂದು ಹೂಂ ಬಂತು ಅಷ್ಟೇ, ದರ ಅಲ್ಲಾಡುವುದಿಲ್ಲ. ಹಳೆಯ ರಿಜೆಕ್ಟ್ ಹೊರಗೆ ಬಿದ್ದ ಕ್ಷಣವೇ ಒಂದು ಅಂಶ ಏರುತ್ತದೆ. ಹಾಗಾಗಿ ಹೋದ ವಾರ ಯಾವ ದಿನ ರಿಜೆಕ್ಟ್ ಮಾಡಿದ್ದಿರೋ, ಈ ವಾರ ಹೆಚ್ಚುಕಡಿಮೆ ಅದೇ ದಿನ ದರ ಏರುತ್ತದೆ. ಅದು ಗೊತ್ತಿದ್ದರೆ ಮಧ್ಯದ ದಿನಗಳಲ್ಲಿ ಹತಾಶರಾಗಿ ಸಿಕ್ಕಿದ್ದಕ್ಕೆಲ್ಲ ಓಡುವುದು ತಪ್ಪುತ್ತದೆ.

ಮುಂದಿನ ಆರ್ಡರ್‌ಗೆ ನಿಜವಾಗಿ ಏನಾಗುತ್ತದೆ

"ಆ್ಯಪ್ ಸಿಟ್ಟು ಹಿಡಿತದ" ಅನ್ನುವ ಮಾತಿಗೆ ಬರೋಣ.

ಗಿರಾಕಿ ಆರ್ಡರ್ ಹಾಕಿದಾಗ ಸಿಸ್ಟಮ್ ಮುಖ್ಯವಾಗಿ ನೋಡುವುದು ಅಡುಗೆ ತಯಾರಾಗುವ ಹೊತ್ತಿಗೆ ಹೋಟೆಲ್ ಮುಂದೆ ಯಾರು ಇರಬಲ್ಲರು ಅಂತ. ಹತ್ತಿರ ಖಾಲಿ ನಿಂತವರು, ಹತ್ತಿರದಲ್ಲೇ ಡ್ರಾಪ್ ಮುಗಿಸುತ್ತಿರುವವರು, ಅದೇ ದಾರಿಯ ಇನ್ನೊಂದು ಆರ್ಡರ್ ಹಿಡಿದವರು, ಇವರೆಲ್ಲ ಲೆಕ್ಕಕ್ಕೆ ಬರುತ್ತಾರೆ. ಒಬ್ಬನಿಗೆ ಕಳಿಸುತ್ತದೆ, ಅವನು ಬೇಡ ಅಂದರೆ ಮುಂದಿನವನಿಗೆ.

ನೀವು ಬಿಟ್ಟ ಮೇಲೆ ಖಾಲಿ ಕೂರುವುದಕ್ಕೆ ಮೊದಲ ಕಾರಣ ಇಲ್ಲೇ ಇದೆ. ಹತ್ತಿರದಲ್ಲಿ ಆ ಹೊತ್ತಿಗೆ ಇದ್ದದ್ದೇ ಒಂದು ಆರ್ಡರ್. ಅದನ್ನು ಬಿಟ್ಟಿರಿ. ಪಕ್ಕದಲ್ಲಿ ಇನ್ನೂ ಐದು ಜನ ನಿಂತಿದ್ದಾರೆ. ಮುಂದಿನದು ಬಂದಾಗ ಆರು ಜನರಲ್ಲಿ ನಿಮಗೇ ಸಿಗಬೇಕು ಅಂತ ಏನಿಲ್ಲ. ಅದು ಶಿಕ್ಷೆ ಅಲ್ಲ, ಸಾಲು ಉದ್ದ ಇತ್ತು ಅಷ್ಟೇ. ಒಪ್ಪಿ ಹೋದವನಿಗೆ ನಾವು ನಿಂತು ಕಾಯುವ ಈ ಇಪ್ಪತ್ತು ನಿಮಿಷ ಕಾಣುವುದಿಲ್ಲ, ಏಕೆಂದರೆ ಅವನು ಆಗ ಬೈಕ್ ಮೇಲೆ ಇರುತ್ತಾನೆ.

ಎರಡನೆಯ ಕಾರಣ ನಿಜವಾಗಿ ರಿಜೆಕ್ಟ್‌ಗೆ ಸಂಬಂಧಪಟ್ಟದ್ದು. ಕೆಲವು ಆ್ಯಪ್‌ಗಳಲ್ಲಿ ರೈಡರ್‌ಗೆ ದರ್ಜೆ ಇರುತ್ತದೆ. ಸ್ವೀಕಾರ ದರ ಆ ದರ್ಜೆಗೆ ಒಂದು ಪಾಲು. ಮೇಲಿನ ದರ್ಜೆಯವನಿಗೆ ಸ್ಲಾಟ್ ಮೊದಲು ತೆರೆಯುತ್ತದೆ, ಇಲ್ಲವೇ ಪೀಕ್ ಅವರ್‌ನಲ್ಲಿ ಆದ್ಯತೆ ಸಿಗುತ್ತದೆ. ಇದರ ಪರಿಣಾಮ ಅದೇ ರಾತ್ರಿ ಕಾಣುವುದಿಲ್ಲ. ಮುಂದಿನ ವಾರ ಸಂಜೆ 7ರಿಂದ 10ರ ಸ್ಲಾಟ್ ತೆಗೆದುಕೊಳ್ಳಲು ಹೋದಾಗ ತುಂಬಿಹೋಗಿರುತ್ತದೆ. ಮಧ್ಯಾಹ್ನದ ಒಣ ಸ್ಲಾಟ್ ಉಳಿದಿರುತ್ತದೆ. ಆರ್ಡರ್ ಕಡಿಮೆಯಾಯಿತು ಅಂತ ನಮಗೆ ಅನ್ನಿಸುತ್ತದೆ, ಆದರೆ ಹೋದ ವಾರದ ರಿಜೆಕ್ಟ್‌ಗೂ ಇದಕ್ಕೂ ಇರುವ ಗಂಟು ಕಣ್ಣಿಗೆ ಬೀಳುವುದಿಲ್ಲ.

ಅಂದರೆ ಹತ್ತು ನಿಮಿಷದೊಳಗೆ ಕಾಣುವುದು ಹೆಚ್ಚಾಗಿ ಸಾಲಿನ ಆಟ. ಮುಂದಿನ ವಾರ ಕಾಣುವುದು ದರ್ಜೆಯ ಆಟ. ಹುಡುಗರು ಮೊದಲನೆಯದಕ್ಕೆ ಹೆದರುತ್ತಾರೆ, ಎರಡನೆಯದನ್ನು ಮರೆಯುತ್ತಾರೆ.

ಆ 52 ರೂಪಾಯಿಯ ಆರ್ಡರ್

ಈಗ ಆ ಶುಕ್ರವಾರಕ್ಕೆ ವಾಪಸ್ ಬನ್ನಿ. ನನ್ನ ಸ್ಥಿತಿ ಹೀಗಿತ್ತು. 11 ಆರ್ಡರ್ ಮುಗಿಸಿದ್ದೆ. ಒಂದು ರಿಜೆಕ್ಟ್ ಆಗಲೇ ಆಗಿತ್ತು. ರಾತ್ರಿ 11ರೊಳಗೆ 15 ಮುಗಿಸಿ, ದಿನದ ದರ 90ಕ್ಕಿಂತ ಮೇಲಿದ್ದರೆ 200 ರೂಪಾಯಿ ಇನ್ಸೆಂಟಿವ್.

ಮೊದಲ ಹೆಜ್ಜೆ, ಆರ್ಡರ್ ನಿಜವಾಗಿ ಎಷ್ಟು ಕೊಡುತ್ತದೆ ಅಂತ ನೋಡುವುದು. ಪರದೆಯಲ್ಲಿ ಕಾಣುವುದು 7.7 ಕಿಲೋಮೀಟರ್. ಆದರೆ ನವನಗರದಲ್ಲಿ ರಾತ್ರಿ ಹತ್ತರ ಹೊತ್ತಿಗೆ ವಾಪಸ್ ದಾರಿಗೆ ಆರ್ಡರ್ ಸಿಗುವುದು ಅಪರೂಪ. ಹಾಗಾಗಿ ಖಾಲಿ ಬರುವ 6.5 ಕಿಲೋಮೀಟರನ್ನೂ ಸೇರಿಸಬೇಕು. ಒಟ್ಟು 14.2. ನನ್ನ ಬೈಕ್ ಲೀಟರಿಗೆ 45 ಕೊಡುತ್ತದೆ. ಲೀಟರಿಗೆ 103 ರೂಪಾಯಿ ಅಂತ ಹಿಡಿದರೆ ಕಿಲೋಮೀಟರಿಗೆ 2 ರೂಪಾಯಿ 30 ಪೈಸೆ ಪೆಟ್ರೋಲ್. ಟೈರು, ಆಯಿಲ್, ಚೈನ್, ಬ್ರೇಕ್ ಶೂ ಅಂತ ಇನ್ನೊಂದು 70 ಪೈಸೆ. ಲೆಕ್ಕಕ್ಕೆ ಸುಲಭ ಆಗಲಿ ಅಂತ ನಾನು ಮೂರು ರೂಪಾಯಿ ಇಟ್ಟುಕೊಂಡಿದ್ದೇನೆ. ಖರ್ಚು 42 ರೂಪಾಯಿ 60 ಪೈಸೆ. 52ರಲ್ಲಿ ಉಳಿಯುವುದು ಒಂಬತ್ತು ರೂಪಾಯಿ ಚಿಲ್ಲರೆ.

ಎರಡನೆಯದು ಹೊತ್ತು. ಹೋಟೆಲ್‌ಗೆ ಐದು ನಿಮಿಷ, ಅಲ್ಲಿ ಕಾಯುವುದು ಹನ್ನೆರಡು, ನವನಗರಕ್ಕೆ ಇಪ್ಪತ್ತು, ವಾಪಸ್ ಹದಿನೆಂಟು. ಒಟ್ಟು 55 ನಿಮಿಷ. ಪಿ.ಬಿ. ರಸ್ತೆ ಗೊತ್ತಲ್ಲ, ನಡುವೆ ಚಿಗರಿ ಬಸ್ಸಿಗೆ ಬೇರೆಯೇ ಪಥ. ಡ್ರಾಪ್ ರಸ್ತೆಯ ಆ ಕಡೆಗೆ ಇದ್ದರೆ ತಿರುಗಲು ಅವಕಾಶ ಇರುವ ಕಡೆಯವರೆಗೆ ಹೋಗಿ ಬರಬೇಕು. ಅದಕ್ಕೆ ನಾನು ಯಾವಾಗಲೂ ಎರಡು ನಿಮಿಷ ಜಾಸ್ತಿ ಇಡುತ್ತೇನೆ, ಇಪ್ಪತ್ತರಲ್ಲಿ ಅದು ಸೇರಿದೆ.

ಇಲ್ಲಿಗೇ ನಿಲ್ಲಿಸಿದರೆ "55 ನಿಮಿಷಕ್ಕೆ ಒಂಬತ್ತು ರೂಪಾಯಿ, ಬಿಡು" ಅನ್ನಿಸುತ್ತದೆ. ಆದರೆ ಬಿಟ್ಟರೆ ಹೋಗುವುದು ಈ 52 ರೂಪಾಯಿ ಮಾತ್ರ ಅಲ್ಲ. ಹಾಗಾಗಿ ಮೂರನೆಯ ಹೆಜ್ಜೆ, ಇನ್ಸೆಂಟಿವ್. ಇಲ್ಲಿಯವರೆಗೆ ಬಂದದ್ದು 12, ಒಪ್ಪಿದ್ದು 11. ಇದನ್ನೂ ಬಿಟ್ಟರೆ 13ರಲ್ಲಿ 11. ಆಮೇಲೆ ಬರುವ ನಾಲ್ಕನ್ನೂ ಒಪ್ಪಿದರೆ 17ರಲ್ಲಿ 15, ಅಂದರೆ 88.2. ಗಡಿ ದಾಟುವುದಿಲ್ಲ. 200 ಹೋಯಿತು. ಹಾಗಾದರೆ ಒಪ್ಪಬೇಕು, ಅಲ್ವಾ?

ಅವಸರ ಬೇಡ. ನಾಲ್ಕನೆಯ ಹೆಜ್ಜೆ ಉಳಿದಿದೆ, ಹೆಚ್ಚು ಜನ ಬಿಡುವುದು ಇದನ್ನೇ. ಒಪ್ಪಿದರೆ ಆ 200 ನಿಜವಾಗಿ ಸಿಗುತ್ತದಾ? ಈಗ 9:30. ಇದನ್ನು ಮುಗಿಸಿ ವಾಪಸ್ ಬರುವಾಗ 10:25. ಆಗ 12 ಮುಗಿದಿರುತ್ತದೆ. ಉಳಿದ 35 ನಿಮಿಷದಲ್ಲಿ ಮೂರು ಆರ್ಡರ್ ಮುಗಿಸಬೇಕು. ಆ ಹೊತ್ತಿಗೆ ವಿದ್ಯಾನಗರದಲ್ಲಿ ನನ್ನ ಕೈಲಿ ಆಗುವುದು ಎರಡು, ಅದೂ ಅದೃಷ್ಟ ಇದ್ದರೆ. ಅಂದರೆ ಒಪ್ಪಿದರೆ ಹೊತ್ತು ಸಾಲದೆ 200 ಹೋಗುತ್ತದೆ, ಬಿಟ್ಟರೆ ದರ ಇಳಿದು ಹೋಗುತ್ತದೆ. ಹೇಗಿದ್ದರೂ ಹೋಗುವ ದುಡ್ಡನ್ನು ಲೆಕ್ಕದಿಂದ ತೆಗೆದುಬಿಡಬೇಕು. ಉಳಿದದ್ದು ಬರೀ 55 ನಿಮಿಷಕ್ಕೆ ಒಂಬತ್ತು ರೂಪಾಯಿ.

ಕೊನೆಗೆ ವಾರದ ದರ ನೋಡಿದೆ. ಆ ವಾರ 90 ಬಂದಿದ್ದವು, ಆರು ಬಿಟ್ಟಿದ್ದೆ, 93.3. ಇನ್ನೊಂದು ಬಿಟ್ಟರೆ 91ರಲ್ಲಿ 84, ಅಂದರೆ 92.3. ದರ್ಜೆಗೆ ಅಪಾಯ ಇಲ್ಲ.

ರಿಜೆಕ್ಟ್ ಒತ್ತಿದೆ. ಹದಿನಾಲ್ಕು ನಿಮಿಷ ಏನೂ ಬರಲಿಲ್ಲ. ಪಕ್ಕದವನು "ನಾ ಹೇಳಿದ್ನಿಲ್ಲ?" ಅನ್ನುವ ಹಾಗೆ ನೋಡಿದ. ಆಮೇಲೆ ಶಿರೂರ ಪಾರ್ಕ್ ಕಡೆಗೆ ಒಂದು ಬಂತು, ಅದು ಮುಗಿಯುವ ಹೊತ್ತಿಗೆ ಉಣಕಲ್ ಕಡೆಗೆ ಇನ್ನೊಂದು. ಎರಡೂ ಸಣ್ಣ ದೂರದವು.

ಇದೇ ಆರ್ಡರ್ ಸಂಜೆ ಎಂಟಕ್ಕೆ ಬಂದಿದ್ದರೆ ನಾನು ಒಪ್ಪುತ್ತಿದ್ದೆ. ಎಂಟಕ್ಕೆ ಹೋಗಿ ಒಂಬತ್ತಕ್ಕೆ ಬಂದರೂ ಮೂರು ಮಾಡಲು ಎರಡು ತಾಸು ಇರುತ್ತಿತ್ತು. ಆಗ ಆ ಒಂಬತ್ತು ರೂಪಾಯಿಯ ಕೆಲಸ 200 ರೂಪಾಯಿಯನ್ನು ಕಾಯುತ್ತಿತ್ತು. ಇನ್ನು ಮುಂಚಿನ ಆ ಒಂದು ರಿಜೆಕ್ಟ್ ಇರದಿದ್ದರೆ? ಎಂಟಕ್ಕೆ ಇದನ್ನು ಬಿಟ್ಟರೂ 16ರಲ್ಲಿ 15, ಅಂದರೆ 93.75 ಆಗಿ ಇನ್ಸೆಂಟಿವ್ ಉಳಿಯುತ್ತಿತ್ತು. ಆ ರಿಜೆಕ್ಟ್ ನಾನು ಯಾವುದಕ್ಕೆ ಖರ್ಚು ಮಾಡಿದ್ದೆ ಗೊತ್ತಾ? ಕೇಶ್ವಾಪುರದ ಒಂದು 28 ರೂಪಾಯಿ ಆರ್ಡರ್‌ಗೆ, ಆ ಹೋಟೆಲ್‌ನಲ್ಲಿ ಕಾಯಿಸುತ್ತಾರೆ ಅಂತ ಬೇಜಾರಾಗಿ. ದೂರ ಎರಡೂ ಚಿಲ್ಲರೆ ಕಿಲೋಮೀಟರ್ ಇತ್ತು ಅಷ್ಟೇ. ದಿನಕ್ಕೆ ಒಂದೇ ಬೇಡ ಅನ್ನಲು ಅವಕಾಶ ಇರುವವನು ಅದನ್ನು ಸಂಜೆಯ ದೂರದ ಆರ್ಡರ್‌ಗೆ ಕಾದಿಟ್ಟುಕೊಳ್ಳಬೇಕಿತ್ತು.

ಫೋನ್ ಬಡಕೊಳ್ಳುವ ಕೆಲವೇ ಸೆಕೆಂಡ್‌ನಲ್ಲಿ ಇಷ್ಟೆಲ್ಲ ಲೆಕ್ಕ ಆಗುವುದಿಲ್ಲ, ನಿಜ. ಹಾಗಾಗಿ ಆರ್ಡರ್ ಬರುವ ಮುಂಚೆಯೇ ಮಾಡಿಡಬೇಕು. ನಾನು ಪ್ರತಿ ಡ್ರಾಪ್ ಮುಗಿದ ಮೇಲೆ ಎರಡು ವಿಷಯ ಮನಸ್ಸಿನಲ್ಲಿ ಹೇಳಿಕೊಳ್ಳುತ್ತೇನೆ: ಇವತ್ತು ಇನ್ನು ಎಷ್ಟು ಬೇಡ ಉಳಿದಿದೆ, ಗುರಿ ಮುಟ್ಟಲು ಒಂದೊಂದು ಆರ್ಡರ್‌ಗೆ ಎಷ್ಟು ನಿಮಿಷ ಇದೆ. ಆ ರಾತ್ರಿ 90 ನಿಮಿಷಕ್ಕೆ ನಾಲ್ಕು ಬೇಕಿತ್ತು, ಅಂದರೆ ಒಂದಕ್ಕೆ ಇಪ್ಪತ್ತೆರಡು ನಿಮಿಷ. 55 ನಿಮಿಷದ ಆರ್ಡರ್ ಬಂದ ಕೂಡಲೇ ಉತ್ತರ ಸಿಕ್ಕಿಹೋಯಿತು.

ಬಿಡುವಾಗ ಹೇಗೆ ಬಿಡಬೇಕು

ಕಾರಣ ಕೇಳಿದರೆ ನಿಜ ಹೇಳಿ. ದೂರ ಜಾಸ್ತಿ ಅಂದರೆ ದೂರ ಅಂತಲೇ ಒತ್ತಿ. ಬೈಕ್ ಕೆಟ್ಟಿದೆ, ಅಪಘಾತ ಆಯಿತು ಅಂತ ಒತ್ತಿದರೆ ದರ ಉಳಿಯುತ್ತದೆ ಅಂತ ಒಬ್ಬ ಹುಡುಗನಿಗೆ ಯಾರೋ ಹೇಳಿಕೊಟ್ಟಿದ್ದರು. ಎರಡು ಸಲ ಹಾಗೆ ಮಾಡಿದ. ಎರಡನೆಯ ಸಲ ಅವನ ಐಡಿಯನ್ನೇ ತಡೆಹಿಡಿದು, ಬೈಕ್ ಸರಿ ಇದೆ ಅಂತ ಫೋಟೋ ಕೇಳಿದರು. ಒಂದು ಶನಿವಾರ ಸಂಜೆ ಪೂರ್ತಿ ಹೋಯಿತು.

ನಿಜಕ್ಕೂ ಪಂಕ್ಚರ್ ಆದರೆ ಮೊದಲು ಆಫ್‌ಲೈನ್ ಆಗಿ, ಆಮೇಲೆ ಅಂಗಡಿ ಹುಡುಕಿ. ಕೈಯಲ್ಲಿ ಆರ್ಡರ್ ಇರುವಾಗ ಆದರೆ ನೀವೇ ಕ್ಯಾನ್ಸಲ್ ಒತ್ತಬೇಡಿ. ಸಪೋರ್ಟ್‌ಗೆ ತಿಳಿಸಿ ಬೇರೆಯವರಿಗೆ ಕೊಡಿ ಅಂತ ಕೇಳಿ, ಪಂಕ್ಚರ್ ಆದ ಚಕ್ರದ ಫೋಟೋ ಕಳಿಸಿ. ಹೋಟೆಲ್ ಮುಚ್ಚಿದ್ದರೂ ಹಾಗೇ. ಶಟರ್ ಇಳಿಸಿದ ಬಾಗಿಲಿನ ಫೋಟೋ ತೆಗೆದು ಅವರ ಕಡೆಯಿಂದಲೇ ಆರ್ಡರ್ ತೆಗೆಸಿ. ಯಾರ ಕಡೆಯಿಂದ ರದ್ದಾಯಿತು ಅನ್ನುವುದರ ಮೇಲೆ ಅದು ಯಾರ ಲೆಕ್ಕಕ್ಕೆ ಬೀಳುತ್ತದೆ ಅನ್ನುವುದು ನಿಂತಿದೆ.

ಆರ್ಡರ್ ಬರುವುದೇ ನಿಂತರೆ

ಎರಡು ರಿಜೆಕ್ಟ್ ಆದ ಮೇಲೆ ಒಂದು ತಾಸು ಖಾಲಿ ಕೂತರೆ ನಾವು ರಿಜೆಕ್ಟ್ ಮೇಲೇ ಗೂಬೆ ಕೂರಿಸುತ್ತೇವೆ. ಅದಕ್ಕೆ ಮುಂಚೆ ನೋಡಬೇಕಾದದ್ದು ಬೇರೆ ಇದೆ.

ಪಕ್ಕದವರನ್ನು ಕೇಳಿ. ಅದೇ ಜಾಗದಲ್ಲಿ ನಿಂತ ನಾಲ್ಕು ಜನಕ್ಕೂ ಬರುತ್ತಿಲ್ಲ ಅಂದರೆ ಊರಲ್ಲಿ ಆರ್ಡರೇ ಇಲ್ಲ. ಅವರಿಗೆಲ್ಲ ಬಂದು ನಿಮಗೆ ಮಾತ್ರ ಬರುತ್ತಿಲ್ಲ ಅಂದರೆ ಮುಂದಕ್ಕೆ ಹೋಗಿ.

ಕೈಯಲ್ಲಿರುವ ಕ್ಯಾಶ್ ನೋಡಿ. ಕ್ಯಾಶ್ ಆರ್ಡರ್‌ಗಳಿಂದ ಸಂಗ್ರಹವಾದ ದುಡ್ಡು ಮಿತಿ ದಾಟಿದರೆ ಆ್ಯಪ್ ಹೊಸ ಆರ್ಡರ್ ನಿಲ್ಲಿಸುತ್ತದೆ, ಇಲ್ಲವೇ ಆನ್‌ಲೈನ್ ಪಾವತಿಯವು ಮಾತ್ರ ಬರುತ್ತವೆ. "ರಿಜೆಕ್ಟ್ ಮಾಡೀನಿ ಅಂತ ಬಂದ್ ಮಾಡ್ಯಾರ" ಅಂತ ನನ್ನ ಹತ್ತಿರ ಬಂದವರಲ್ಲಿ ಎಷ್ಟೋ ಜನರ ತೊಂದರೆ ಇದೇ ಆಗಿತ್ತು. ದುಡ್ಡು ಜಮಾ ಮಾಡಿದ ಮೇಲೆ ಫೋನ್ ಬಡಕೊಂಡಿತು.

ಆಮೇಲೆ ಫೋನ್. ಇದು ಕಳ್ಳ ರಿಜೆಕ್ಟ್ ಇರುವ ಜಾಗ. ಬ್ಯಾಟರಿ ಉಳಿಸಲು ಫೋನ್ ತಾನೇ ಆ್ಯಪ್ ಮಲಗಿಸುತ್ತದೆ. ಆರ್ಡರ್ ಬಂದದ್ದು ನಿಮಗೆ ಗೊತ್ತೇ ಆಗುವುದಿಲ್ಲ, ಹೊತ್ತು ಮೀರಿ ಹೋಗುತ್ತದೆ, ನಿಮ್ಮ ದರ ಇಳಿಯುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ನ ಬ್ಯಾಟರಿ ಆಯ್ಕೆಯನ್ನು `Unrestricted` ಅಂತ ಇಡಿ, ಲೊಕೇಶನ್ `Allow all the time` ಇರಲಿ. ಫೋನ್ ಕಂಪನಿಯ ಮೇಲೆ ಹೆಸರು ಸ್ವಲ್ಪ ಬೇರೆ ಇರಬಹುದು. ಅಂಗಡಿ ಸಂಕೀರ್ಣದ ನೆಲಮಾಳಿಗೆ ಪಾರ್ಕಿಂಗ್‌ನಲ್ಲಿ ನಿಂತು ಕಾಯುವ ಚಟವನ್ನೂ ಬಿಡಿ, ಅಲ್ಲಿ ನೆಟ್‌ವರ್ಕೂ ಸಿಗುವುದಿಲ್ಲ, ಜಿಪಿಎಸ್ಸೂ ನಿಮ್ಮನ್ನು ಎಲ್ಲೋ ತೋರಿಸುತ್ತದೆ. ನೀವು ಒತ್ತಿದ ರಿಜೆಕ್ಟ್‌ಗಿಂತ ಆ್ಯಪ್ ತೋರಿಸುವ ರಿಜೆಕ್ಟ್ ಜಾಸ್ತಿ ಇದೆಯಾ ಅಂತ ಒಂದು ದಿನ ಎಣಿಸಿ ನೋಡಿ. ಜಾಸ್ತಿ ಇದ್ದರೆ ತಪ್ಪು ಫೋನ್‌ನದು.

ಲೈಸೆನ್ಸ್, ವಿಮೆ ಅವಧಿ ಮುಗಿದಿದೆಯಾ ಅಂತಲೂ ಒಮ್ಮೆ ನೋಡಿಬಿಡಿ.

ಇದೆಲ್ಲ ಸರಿ ಇದ್ದೂ ಅನುಮಾನ ಹೋಗದಿದ್ದರೆ ಎರಡು ವಾರ ಬರೆದಿಡಿ. ಆರ್ಡರ್ ಬಂದ ಗಂಟೆ, ನಿಂತ ಜಾಗ, ಒಪ್ಪಿದಿರೋ ಬಿಟ್ಟಿರೋ, ಮುಂದಿನದು ಎಷ್ಟು ನಿಮಿಷಕ್ಕೆ ಬಂತು. ಇಷ್ಟೇ ನಾಲ್ಕು ಅಂಕಣ. ಹೋಲಿಸುವಾಗ ಶುಕ್ರವಾರ ರಾತ್ರಿಯನ್ನು ಶುಕ್ರವಾರ ರಾತ್ರಿಗೇ ಹೋಲಿಸಿ, ಅದೇ ಜಾಗಕ್ಕೆ. ಮಂಗಳವಾರ ಮಧ್ಯಾಹ್ನ ಬಿಟ್ಟ ಮೇಲೆ ಅರ್ಧ ತಾಸು ಬರಲಿಲ್ಲ ಅಂದರೆ ಅದು ಮಂಗಳವಾರದ ತಪ್ಪು. ಮಳೆ ಬಂದ ದಿನ, ಕ್ರಿಕೆಟ್ ಪಂದ್ಯದ ದಿನ, ಹಬ್ಬದ ದಿನ ಪಕ್ಕಕ್ಕಿಡಿ. ನಾನು ಹೀಗೆ ಬರೆದಾಗ ನನಗೆ ಕಂಡದ್ದು ಇಷ್ಟು: ಒಂದು ರಿಜೆಕ್ಟ್ ಆದ ಮೇಲಿನ ಕಾಯುವಿಕೆಗೂ ಒಂದು ಡ್ರಾಪ್ ಮುಗಿದ ಮೇಲಿನ ಕಾಯುವಿಕೆಗೂ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಸಾಲಾಗಿ ಮೂರು ಬಿಟ್ಟ ಒಂದೆರಡು ದಿನ ಮಾತ್ರ ಅಂತರ ಎದ್ದು ಕಂಡಿತು. ಅದು ನನ್ನ ಪುಸ್ತಕ, ನನ್ನ ಆ್ಯಪ್. ನಿಮ್ಮದು ಬೇರೆ ಹೇಳಬಹುದು.

ಕೇಳುವ ಹಕ್ಕು

2025ರಲ್ಲಿ ಕರ್ನಾಟಕದಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣದ ಕಾಯ್ದೆ ಬಂದಿದೆ. ಅದರಲ್ಲಿ ಕಂಪನಿಗಳು ಕಟ್ಟಬೇಕಾದ ಕಲ್ಯಾಣ ಶುಲ್ಕದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ರಿಜೆಕ್ಟ್ ವಿಷಯಕ್ಕೆ ಉಪಯೋಗ ಆಗುವುದು ಬೇರೆ ಮೂರು. ಕಂಪ್ಯೂಟರ್ ತಾನೇ ಮಾಡುವ ತೀರ್ಮಾನಗಳು ನಿಮ್ಮ ಕೆಲಸ, ಗಳಿಕೆಯ ಮೇಲೆ ಹೇಗೆ ಪರಿಣಾಮ ಮಾಡುತ್ತವೆ ಅಂತ ಕಂಪನಿಯನ್ನು ಕೇಳಿ ತಿಳಿಯಬಹುದು. ಕೆಲಸದಿಂದ ತೆಗೆಯುವುದಾದರೆ ಬರಹದಲ್ಲಿ ಕಾರಣ ಕೊಟ್ಟು 14 ದಿನ ಮುಂಚೆ ನೋಟಿಸ್ ಕೊಡಬೇಕು ಅನ್ನುವುದು ನಿಯಮ. ತಕರಾರು ಕೇಳಲು ಕಂಪನಿಯ ಒಳಗೇ ಸಮಿತಿ ಇರಬೇಕು ಅಂತಲೂ ಇದೆ.

ಟಿ.ಎಲ್., ಅಂದರೆ ಟೀಮ್ ಲೀಡರ್ ಹತ್ತಿರ ಬಾಯಿಮಾತಲ್ಲಿ ಜಗಳ ಆಡಿದರೆ ಅದು ಚಹಾದಂಗಡಿಯಲ್ಲೇ ಮುಗಿಯುತ್ತದೆ. ಆ್ಯಪ್‌ನೊಳಗಿನ ದೂರಿನ ಜಾಗದಲ್ಲಿ ಬರೆಯಿರಿ. ಉದ್ದ ಬೇಡ. ನಾನು ಒಮ್ಮೆ ಬರೆದದ್ದು ಹೀಗಿತ್ತು: "ಶನಿವಾರ ನನಗೆ ಬಂದ ಆರ್ಡರ್ 16. ನಾನು ರಿಜೆಕ್ಟ್ ಒತ್ತಿದ್ದು 1. ಆ್ಯಪ್ 3 ತೋರಿಸುತ್ತಿದೆ. ಉಳಿದ ಎರಡು ಯಾವ ಹೊತ್ತಿಗೆ, ಯಾವ ಆರ್ಡರ್ ಅಂತ ತಿಳಿಸಿ." ಮೂರನೆಯ ದಿನ ಉತ್ತರ ಬಂತು. ಎರಡೂ ಸಂಜೆ 7:40ರಿಂದ 7:50ರ ನಡುವೆ, ನಾನು ಗೋಕುಲ ರಸ್ತೆಯ ಒಂದು ಕಟ್ಟಡದ ಲಿಫ್ಟ್‌ನಲ್ಲಿದ್ದ ಹೊತ್ತು. ಒಂದನ್ನು ತೆಗೆದುಹಾಕಿದರು, ಇನ್ನೊಂದನ್ನು ಉಳಿಸಿಕೊಂಡರು. ಈಗ ಮೇಲಿನ ಮಹಡಿಗೆ ಹೋಗುವಾಗ ಮೆಟ್ಟಿಲು ಹತ್ತುತ್ತೇನೆ.